ಒಂದು ಬಿಎಲ್‌ಡಿಸಿ ಫ್ಯಾನು, ಎರಡು ಜಾಗ: ಹಾಸನದಲ್ಲಿ ಅಳೆದು ನೋಡಿದ ಲೆಕ್ಕ

ಸಾಲಗಾಮೆ ರಸ್ತೆಯಲ್ಲಿ ನನ್ನ ತಮ್ಮನದೊಂದು ಹೊಲಿಗೆ ಅಂಗಡಿ ಇದೆ. ಕರೆಂಟು ಬಿಲ್ಲು ಕಡಿಮೆಯಾಗುತ್ತದೆಂದು ಅವನು 2,900 ರೂಪಾಯಿ ಕೊಟ್ಟು 1200 ಮಿ.ಮೀ. ಅಗಲದ ಒಂದು ಬಿಎಲ್‌ಡಿಸಿ ಫ್ಯಾನು, ಅಂದರೆ ಖಾಯಂ ಅಯಸ್ಕಾಂತ ಮತ್ತು ಎಲೆಕ್ಟ್ರಾನಿಕ್ ಬೋರ್ಡಿನಿಂದ ತಿರುಗುವ ಬಗೆಯದು, ತಂದ. ಅದನ್ನು ನೋಡಿದ ಅಮ್ಮ, "ಇದು ಮನೆಯ ಹಾಲಿಗೇ ಇರಲಿ, ರಿಮೋಟು ಇದ್ದರೆ ನನಗೆ ಏಳುವ ಕೆಲಸ ತಪ್ಪುತ್ತದೆ" ಎಂದರು. ಮನೆಯ ಹಾಲಿನಲ್ಲಿರುವುದೂ ಅಂಗಡಿಯಲ್ಲಿರುವುದೂ ಒಂದೇ ಮಾದರಿಯ, ಒಟ್ಟಿಗೇ ಕೊಂಡ ಹಳೆಯ ಫ್ಯಾನುಗಳು. ಎರಡೂ ಇನ್ನೂ ಚೆನ್ನಾಗಿಯೇ ತಿರುಗುತ್ತಿವೆ. ಹಾಗಾಗಿ ಹೊಸದನ್ನು ಮೊದಲು ಹಾಲಿನಲ್ಲಿ ತೂಗುಹಾಕಿ, ಹಳೆಯದರ ಜೊತೆ ಅಳೆದು ನೋಡಿ, ಎಲ್ಲಿದ್ದರೆ ಹಣ ಬೇಗ ಮರಳುತ್ತದೋ ಅಲ್ಲಿಗೇ ಖಾಯಂ ಮಾಡೋಣ ಎಂದು ನಿರ್ಧರಿಸಿದೆವು. ಅಂಗಡಿಗೆ ರಜೆ ಇರುವ ಭಾನುವಾರ ಕೆಲಸಕ್ಕೆ ಕೈಹಾಕಿದೆವು.

ಹಳೆಯ ಫ್ಯಾನನ್ನು ಮೊದಲು ಸರಿಮಾಡಬೇಕು

ಹಳೆಯ ಫ್ಯಾನು ಸೊರಗಿರುವಾಗ ಅದನ್ನು ಹೊಸದರ ಪಕ್ಕದಲ್ಲಿ ನಿಲ್ಲಿಸಿ ಅಳೆದರೆ ಆ ಹೋಲಿಕೆಗೆ ಅರ್ಥವಿಲ್ಲ. ಮನೆಗಳಲ್ಲಿರುವ ಸಾಮಾನ್ಯ ಇಂಡಕ್ಷನ್ ಫ್ಯಾನಿನಲ್ಲಿ ಎರಡು ವೈಂಡಿಂಗ್‌ಗಳಿರುತ್ತವೆ. ಎರಡನೆಯ ವೈಂಡಿಂಗಿಗೆ ಕೆಪಾಸಿಟರ್ ಮೂಲಕ ವಿದ್ಯುತ್ ಹೋಗುತ್ತದೆ. ಆ ಕೆಪಾಸಿಟರ್ ವರ್ಷಗಳು ಕಳೆದಂತೆ ಕ್ಷೀಣಿಸುತ್ತದೆ, ಫ್ಯಾನು ನಿಧಾನವಾಗುತ್ತದೆ, ಮನೆಯವರು ಫ್ಯಾನೇ ಹಳೆಯದಾಯಿತು ಎಂದುಕೊಳ್ಳುತ್ತಾರೆ. ನಮ್ಮ ಹಾಲಿನ ಫ್ಯಾನಿನ ಮೇಲಿನ ಬಟ್ಟಲು ಇಳಿಸಿ ನೋಡಿದಾಗ ಕೆಪಾಸಿಟರ್ ಮೇಲೆ 2.5 ಮೈಕ್ರೊಫ್ಯಾರಡ್ ಎಂದು ಅಚ್ಚಾಗಿತ್ತು, ಮಲ್ಟಿಮೀಟರ್ 1.9 ತೋರಿಸಿತು. 60 ರೂಪಾಯಿಯ ಹೊಸ ಕೆಪಾಸಿಟರ್ ಹಾಕಿದ ಮೇಲೆ ಪೂರ್ಣ ವೇಗ ನಿಮಿಷಕ್ಕೆ 325 ಸುತ್ತಿನಿಂದ 350ಕ್ಕೆ ಏರಿತು. ರೆಕ್ಕೆಗೆ ಅಂಟಿಸಿದ ಹೊಳೆಯುವ ಪಟ್ಟಿಯ ಮೇಲೆ ಬೆಳಕು ಬಿಟ್ಟು ಸುತ್ತು ಎಣಿಸುವ ಕೈಯಂತ್ರವನ್ನು ಗೆಳೆಯರೊಬ್ಬರಿಂದ ತಂದಿದ್ದೆ. ರೆಕ್ಕೆಯ ಮೇಲಂಚಿನ ಧೂಳನ್ನೂ ಒರೆಸಿದೆವು. ಈ ಹಂತ ಬಿಟ್ಟು ಅಳೆದವರ ಅಂಕಿಗಳನ್ನು ನಾನು ನಂಬುವುದಿಲ್ಲ.

ಮೀಟರಿನ ಕೆಂಪು ದೀಪವೇ ಸಾಕು

ವ್ಯಾಟ್ ಅಳೆಯಲು ಕೆಲವರು ತಂತಿಯ ಸುತ್ತ ಹಿಡಿಯುವ ಕ್ಲ್ಯಾಂಪ್ ಮೀಟರ್ ಬಳಸುತ್ತಾರೆ. ಅದು ಆಂಪಿಯರ್ ಮಾತ್ರ ಹೇಳುತ್ತದೆ. ಅದನ್ನು 230ರಿಂದ ಗುಣಿಸಿ ವ್ಯಾಟ್ ಎಂದುಕೊಂಡರೆ ಬಿಎಲ್‌ಡಿಸಿ ವಿಷಯದಲ್ಲಿ ಲೆಕ್ಕ ತಪ್ಪುವ ಸಾಧ್ಯತೆ ಹೆಚ್ಚು. ಈ ಫ್ಯಾನಿನೊಳಗೆ ವಿದ್ಯುತ್ತನ್ನು ಮೊದಲು ಏಕಮುಖ ಪ್ರವಾಹವಾಗಿ ಬದಲಿಸುವ ಬೋರ್ಡು ಇರುತ್ತದೆ. ಕೆಲವು ಅಗ್ಗದ ಬೋರ್ಡುಗಳು ಪ್ರತಿ ಅಲೆಯ ತುದಿಯಲ್ಲಿ ಮಾತ್ರ ಪ್ರವಾಹವನ್ನು ಸೆಳೆಯುವುದರಿಂದ ಆಂಪಿಯರ್ ದೊಡ್ಡದಾಗಿ ಕಾಣುತ್ತದೆ, ನಿಜವಾದ ವ್ಯಾಟ್ ಅಷ್ಟಿರುವುದಿಲ್ಲ. ನಾವು ಹಣ ಕೊಡುವುದು ವಿದ್ಯುತ್ ಮೀಟರು ಎಣಿಸಿದ್ದಕ್ಕೆ. ಆದ್ದರಿಂದ ಅದನ್ನೇ ಕೇಳುವುದು ಉತ್ತಮ.

ಮನೆಯ ಮೀಟರಿನ ಮುಖದಲ್ಲಿ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ, ಪಕ್ಕದಲ್ಲಿ `3200 imp/kWh` ಎಂದು ಬರೆದಿರುತ್ತದೆ. ಅಂದರೆ ಒಂದು ಯೂನಿಟ್ಟಿಗೆ 3,200 ಮಿನುಗು. ಬೇರೆ ಮೀಟರುಗಳಲ್ಲಿ ಈ ಸಂಖ್ಯೆ ಬೇರೆ ಇರಬಹುದು, ನೋಡಿಕೊಳ್ಳಬೇಕು. ಹಾಲಿನ ಎಂಸಿಬಿ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಇಳಿಸಿದೆವು. ಅದೇ ಸಾಲಿನಲ್ಲಿದ್ದ ಟಿವಿ ಮತ್ತು ವೈಫೈ ಪೆಟ್ಟಿಗೆಯ ಪ್ಲಗ್ಗನ್ನೂ ಕಿತ್ತೆವು. ಫ್ಯಾನು ನಿಲ್ಲಿಸಿ ಕೆಲವು ನಿಮಿಷ ಕಾದು, ದೀಪ ಮಿನುಗುತ್ತಿಲ್ಲ ಎಂದು ಖಚಿತಪಡಿಸಿಕೊಂಡೆವು. ಆಮೇಲೆ ಫ್ಯಾನು ಹಾಕಿ, ವೇಗ ಸ್ಥಿರವಾದ ಮೇಲೆ, ಒಂದು ಮಿನುಗನ್ನು ಸೊನ್ನೆ ಎಂದಿಟ್ಟುಕೊಂಡು ಮುಂದಿನ ಹತ್ತನೆಯದರವರೆಗೆ ಮೊಬೈಲಿನಲ್ಲಿ ಸಮಯ ಹಿಡಿದೆವು.

```
W = 3600000 × n / (3200 × t)
```

ಇಲ್ಲಿ n ಎಂದರೆ ಮಿನುಗುಗಳ ಸಂಖ್ಯೆ, t ಎಂದರೆ ಸೆಕೆಂಡುಗಳು. ಹತ್ತು ಮಿನುಗಿಗೆ 11,250ನ್ನು ಸೆಕೆಂಡಿನಿಂದ ಭಾಗಿಸಿದರೆ ಆಯಿತು.

ಹಳೆಯ ಫ್ಯಾನು ಪೂರ್ಣ ವೇಗದಲ್ಲಿ ಹತ್ತು ಮಿನುಗಿಗೆ 150 ಸೆಕೆಂಡು ತೆಗೆದುಕೊಂಡಿತು, ಅಂದರೆ 75 ವ್ಯಾಟ್. ಹೊಸ ಬಿಎಲ್‌ಡಿಸಿ 375 ಸೆಕೆಂಡು, ಅಂದರೆ 30 ವ್ಯಾಟ್, ವೇಗ 355 ಸುತ್ತು. ಪೆಟ್ಟಿಗೆಯ ಮೇಲೆ ಬರೆದದ್ದಕ್ಕೂ ಇದಕ್ಕೂ ತಾಳೆಯಾಯಿತು. ಆದರೆ ನನಗೆ ನಿಜವಾಗಿ ಬೇಕಿದ್ದ ಅಂಕಿ ಪೂರ್ಣ ವೇಗದ್ದಲ್ಲ. ಹಾಸನ ಸಮುದ್ರಮಟ್ಟದಿಂದ ಸಾವಿರ ಮೀಟರಿಗೆ ಸಮೀಪದ ಊರು. ನಮ್ಮ ಮನೆಯಲ್ಲಿ ರಾತ್ರಿ ರೆಗ್ಯುಲೇಟರಿನ ಐದನೆಯ ಹಂತದಲ್ಲಿ ಫ್ಯಾನು ಹಾಕಿದರೆ ಏಪ್ರಿಲ್‌ನಲ್ಲೂ ಹೊದಿಕೆ ಬೇಕಾಗುತ್ತದೆ. ಅಮ್ಮ ಹಾಕುವುದು ಮೂರರಲ್ಲಿ.

ಮೂರನೆಯ ಹಂತದಲ್ಲಿ ಏನಾಗುತ್ತದೆ

ಹಾಲಿನಲ್ಲಿದ್ದದ್ದು ಹಳೆಯ ಕಾಲದ ದೊಡ್ಡ ಪೆಟ್ಟಿಗೆಯಂಥ ರೆಗ್ಯುಲೇಟರ್. ಒಳಗೆ ತಂತಿ ಸುತ್ತಿದ ರೋಧಕ, ಮುಟ್ಟಿದರೆ ಬಿಸಿ. ಮೂರರಲ್ಲಿ ಹತ್ತು ಮಿನುಗಿಗೆ 200 ಸೆಕೆಂಡು ಹಿಡಿಯಿತು, 56 ವ್ಯಾಟ್. ಅದನ್ನು ತೆಗೆದು, ಕಟಕಟ ಎಂದು ಹಂತಹಂತವಾಗಿ ತಿರುಗುವ ಈಗಿನ ಕೆಪಾಸಿಟರ್ ರೆಗ್ಯುಲೇಟರ್ ಹಾಕಿ ಅಳೆದೆವು. ಸುತ್ತು ಹೆಚ್ಚುಕಡಿಮೆ ಅಷ್ಟೇ, 245. ಸಮಯ ಮಾತ್ರ 265 ಸೆಕೆಂಡು, ಅಂದರೆ 42 ವ್ಯಾಟ್ ಚಿಲ್ಲರೆ. ನಡುವಿನ 14 ವ್ಯಾಟ್ ಇಷ್ಟು ವರ್ಷ ಗೋಡೆಯ ಮೇಲಿನ ಪೆಟ್ಟಿಗೆಯನ್ನು ಕಾಯಿಸಲು ಹೋಗುತ್ತಿತ್ತು.

ಬಿಎಲ್‌ಡಿಸಿ ಮೂರರಲ್ಲಿ 240 ಸುತ್ತು ತಿರುಗಿತು. ಹತ್ತು ಮಿನುಗು ಎಣಿಸಲು ಕಾಲು ಗಂಟೆ ಬೇಕಾದ್ದರಿಂದ ಐದಕ್ಕೇ ನಿಲ್ಲಿಸಿದೆವು, 450 ಸೆಕೆಂಡು. ಹನ್ನೆರಡೂವರೆ ವ್ಯಾಟ್.

ಹೆಚ್ಚುಕಡಿಮೆ ಒಂದೇ ವೇಗ, ಒಂದೇ ಅಗಲದ ರೆಕ್ಕೆ, ಆದರೂ 42 ಮತ್ತು 12.5ರ ಅಂತರ. ಇದರ ಕಾರಣ ತಿಳಿದುಕೊಳ್ಳುವಂಥದ್ದು. ಗಾಳಿಯನ್ನು ತಳ್ಳಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ವೇಗ ಶೇಕಡ 70ಕ್ಕೆ ಇಳಿದರೆ ಬೇಕಾದ ಶಕ್ತಿ ಮೂರನೇ ಒಂದು ಭಾಗಕ್ಕೆ ಇಳಿಯಬೇಕು. ಬಿಎಲ್‌ಡಿಸಿ ಬಹುಮಟ್ಟಿಗೆ ಹಾಗೆಯೇ ನಡೆದುಕೊಂಡಿತು. ಅದರ ಬೋರ್ಡು ವೈಂಡಿಂಗ್‌ಗಳಿಗೆ ಸರದಿಯಂತೆ ವಿದ್ಯುತ್ ಕೊಟ್ಟು ಸುತ್ತುವ ಕಾಂತಕ್ಷೇತ್ರವನ್ನೇ ನಿಧಾನಗೊಳಿಸುತ್ತದೆ, ಸುತ್ತಲಿನ ಖಾಯಂ ಅಯಸ್ಕಾಂತಗಳು ಆ ಕ್ಷೇತ್ರದ ಜೊತೆಜೊತೆಗೇ ತಿರುಗುತ್ತವೆ. ಬೋರ್ಡಿನ ಸ್ವಂತ ಖರ್ಚು ಎರಡು ಮೂರು ವ್ಯಾಟ್ ಸೇರಿದರೆ ನಮ್ಮ ಅಂಕಿ ಬರುತ್ತದೆ.

ಇಂಡಕ್ಷನ್ ಫ್ಯಾನಿಗೆ ಆ ಸ್ವಾತಂತ್ರ್ಯವಿಲ್ಲ. ನಮ್ಮದು 14 ಧ್ರುವಗಳ ಮೋಟರು. ಲೈನಿನ ಆವರ್ತನ 50 ಹರ್ಟ್ಸ್ ಇರುವವರೆಗೆ ಅದರ ಕಾಂತಕ್ಷೇತ್ರ ನಿಮಿಷಕ್ಕೆ 428 ಸುತ್ತು ತಿರುಗುತ್ತಲೇ ಇರುತ್ತದೆ. ರೆಗ್ಯುಲೇಟರ್ ಮಾಡುವುದು ವೋಲ್ಟೇಜ್ ಇಳಿಸಿ ಹಿಡಿತವನ್ನು ಸಡಿಲಗೊಳಿಸುವುದಷ್ಟೇ. ಕ್ಷೇತ್ರ 428ರಲ್ಲಿ ಓಡುತ್ತಿದೆ, ರೆಕ್ಕೆ 245ರಲ್ಲಿ ಹಿಂದೆ ಬಿದ್ದಿದೆ. ಈ ಹಿಂದೆ ಬಿದ್ದ ಪ್ರಮಾಣ ಶೇಕಡ 43. ಮೋಟರಿನ ನಿಂತ ಭಾಗವಾದ ಸ್ಟೇಟರಿನಿಂದ ತಿರುಗುವ ಭಾಗವಾದ ರೋಟರಿಗೆ ದಾಟಿದ ಶಕ್ತಿಯಲ್ಲಿ ಅಷ್ಟೇ ಪಾಲು ರೋಟರಿನಲ್ಲೇ ಶಾಖವಾಗಿ ಹೋಗುತ್ತದೆ. ಪೂರ್ಣ ವೇಗದಲ್ಲಿ ಈ ಪಾಲು ಶೇಕಡ 18. ಹೀಗಾಗಿ ರೆಗ್ಯುಲೇಟರ್ ಎಷ್ಟೇ ಒಳ್ಳೆಯದಿದ್ದರೂ ನಿಧಾನ ಓಡುವ ಇಂಡಕ್ಷನ್ ಫ್ಯಾನು ದಕ್ಷವಾಗುವುದಿಲ್ಲ. ಬಿಎಲ್‌ಡಿಸಿಯ ನಿಜವಾದ ಗುಣ ಕಾಣುವುದು ಕಡಿಮೆ ವೇಗದಲ್ಲೇ.

ರೆಗ್ಯುಲೇಟರನ್ನು ಇರಗೊಡಬಾರದು

ಹೊಸ ಫ್ಯಾನು ಹಾಕುವಾಗ ಬಹಳ ಮನೆಗಳಲ್ಲಿ ಹಳೆಯ ರೆಗ್ಯುಲೇಟರನ್ನು ಐದರಲ್ಲಿಟ್ಟು, "ಇದನ್ನು ಮುಟ್ಟಬೇಡಿ" ಎಂದು ಹೇಳಿ ಹೋಗುವುದನ್ನು ನೋಡಿದ್ದೇನೆ. ಹಂತಗಳಿರುವ ರೆಗ್ಯುಲೇಟರಿನ ಐದನೆಯ ಸ್ಥಾನದಲ್ಲಿ ಸಾಮಾನ್ಯವಾಗಿ ತಂತಿ ನೇರವಾಗಿ ಹಾದುಹೋಗುತ್ತದೆ, ಹಾಗಾಗಿ ಫ್ಯಾನು ಓಡುತ್ತದೆ. ಆದರೆ ವರ್ಷಗಟ್ಟಲೆ ಅದನ್ನು ತಿರುಗಿಸಿ ಅಭ್ಯಾಸವಾದ ಕೈ ಒಂದು ದಿನ ಮೂರಕ್ಕೆ ತಂದೇ ತರುತ್ತದೆ.

ಹಾಗೆ ತಂದರೆ ಏನಾಗುತ್ತದೆಂದು ಕೆಪಾಸಿಟರ್ ರೆಗ್ಯುಲೇಟರಿನಲ್ಲಿ ಅರೆನಿಮಿಷ ಮಾತ್ರ ನೋಡಿದೆವು. ಫ್ಯಾನು ಬೀಪ್ ಎಂದಿತು, ರೆಕ್ಕೆ ಹೊರಟಿತು, ವೇಗ ಹಿಡಿಯುವಷ್ಟರಲ್ಲಿ ನಿಂತಿತು, ಮತ್ತೆ ಬೀಪ್ ಎಂದಿತು. ಬೋರ್ಡು ಸುಮ್ಮನಿರುವಾಗ ಸೆಳೆಯುವುದು ತೀರ ಕಡಿಮೆ, ಆದ್ದರಿಂದ ರೆಗ್ಯುಲೇಟರ್ ದಾಟಿಯೂ ಅದಕ್ಕೆ ಸಾಕಷ್ಟು ವೋಲ್ಟೇಜ್ ಸಿಗುತ್ತದೆ. ಮೋಟರು ವೇಗ ಹಿಡಿದಂತೆ ಪ್ರವಾಹ ಏರುತ್ತದೆ, ನಡುವಿನ ಕೆಪಾಸಿಟರಿನಲ್ಲಿ ವೋಲ್ಟೇಜ್ ಕಳೆದುಹೋಗುತ್ತದೆ. ಹಳೆಯ ಫ್ಯಾನು ಕಡಿಮೆ ವೋಲ್ಟೇಜಿನಲ್ಲಿ ಕಡಿಮೆ ಸೆಳೆದು ನಿಧಾನವಾಗುತ್ತಿತ್ತು. ಇದರ ಬೋರ್ಡು ಹಾಗಲ್ಲ. ವೋಲ್ಟೇಜ್ ಇಳಿದಷ್ಟೂ ಅದೇ ವ್ಯಾಟ್ ಪಡೆಯಲು ಇನ್ನೂ ಹೆಚ್ಚು ಪ್ರವಾಹ ಸೆಳೆಯುತ್ತದೆ. ಅದರಿಂದ ವೋಲ್ಟೇಜ್ ಇನ್ನೂ ಕುಸಿದು, ಬೋರ್ಡು ತನ್ನನ್ನು ತಾನೇ ನಿಲ್ಲಿಸಿಕೊಂಡು ಮತ್ತೆ ಮೊದಲಿನಿಂದ ಶುರುಮಾಡುತ್ತದೆ.

ಹಂತಗಳಿಲ್ಲದೆ ನಯವಾಗಿ ತಿರುಗುವ ರೆಗ್ಯುಲೇಟರ್ ಇದ್ದರೆ ಅಪಾಯ ಇನ್ನೂ ದೊಡ್ಡದು. ಅದರೊಳಗಿನ ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಪ್ರತಿ ಅರ್ಧ ಅಲೆಯ ಮಧ್ಯದಲ್ಲಿ ತಟ್ಟನೆ ವಿದ್ಯುತ್ತನ್ನು ತೆರೆಯುತ್ತದೆ. ಬೋರ್ಡಿನ ಮೊದಲ ಕೆಪಾಸಿಟರಿಗೆ ಸೆಕೆಂಡಿಗೆ ನೂರು ಬಾರಿ ಪ್ರವಾಹದ ಹೊಡೆತ ಬೀಳುತ್ತದೆ. ತಮ್ಮನ ಅಂಗಡಿಯ ಸಾಲಿನಲ್ಲೇ ಹೀಗೆ ಹಾಕಿದ್ದ ಬಿಎಲ್‌ಡಿಸಿ ಫ್ಯಾನೊಂದು ಸತ್ತಿತ್ತು, ಅದರ ಬೋರ್ಡನ್ನು ಆ ಅಂಗಡಿಯವರು ನನಗೆ ತಂದು ತೋರಿಸಿದರು. ದೊಡ್ಡ ಕೆಪಾಸಿಟರಿನ ತಲೆ ಉಬ್ಬಿತ್ತು, ಪಕ್ಕದ ಫ್ಯೂಸ್ ರೋಧಕ ಕಪ್ಪಾಗಿತ್ತು. ಫ್ಯಾನು ಗುಂಯ್‌ಗುಡುತ್ತಾ ಕೆಲವು ವಾರ ಓಡಿ ಆಮೇಲೆ ನಿಂತಿತೆಂದು ಅವರು ಹೇಳಿದ್ದು ಇದಕ್ಕೆ ಸರಿಹೊಂದುತ್ತದೆ. ಗೋಡೆಯ ರೆಗ್ಯುಲೇಟರಿನಿಂದಲೇ ನಡೆಯುವಂತೆ ಮಾಡಿದ ಬಿಎಲ್‌ಡಿಸಿ ಮಾದರಿಗಳೂ ಮಾರುಕಟ್ಟೆಯಲ್ಲಿವೆ. ಪೆಟ್ಟಿಗೆಯ ಮೇಲೆ ಹಾಗೆಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ರೆಗ್ಯುಲೇಟರ್ ಉಳಿಸಿಕೊಳ್ಳಬಹುದು, ಅದೂ ಅವರು ಹೇಳಿದ ಬಗೆಯದನ್ನು ಮಾತ್ರ.

ತೆಗೆಯುವುದು ಕಷ್ಟದ ಕೆಲಸವಲ್ಲ. ಎಂಸಿಬಿ ಇಳಿಸಿ, ಟೆಸ್ಟರ್ ಹಿಡಿದು ಸ್ವಿಚ್ ಬೋರ್ಡಿನಲ್ಲಿ ವಿದ್ಯುತ್ ಇಲ್ಲವೆಂದು ನೋಡಿಕೊಂಡೆವು. ರೆಗ್ಯುಲೇಟರಿಗೆ ಎರಡೇ ತಂತಿಗಳು: ಒಂದು ಸ್ವಿಚ್ಚಿನಿಂದ ಬರುವುದು, ಇನ್ನೊಂದು ಫ್ಯಾನಿಗೆ ಹೋಗುವುದು. ಎರಡನ್ನೂ ಬಿಚ್ಚಿ, ತಿರುಪು ಇರುವ ಕನೆಕ್ಟರಿನಲ್ಲಿ ಸೇರಿಸಿ, ತೆರವಾದ ಜಾಗಕ್ಕೆ ಖಾಲಿ ಪ್ಲೇಟು ಹಾಕಿದೆವು. ತಂತಿ ತಿರುಚಿ ಟೇಪು ಸುತ್ತುವುದು ಬೇಡ, ಅದು ಸಡಿಲಾಗಿ ಕಾಯುತ್ತದೆ. ಆಮೇಲೆ ಸ್ವಿಚ್ ಆರಿಸಿ, ಎಂಸಿಬಿ ಏರಿಸಿ, ಮೇಲೆ ಕೊಕ್ಕೆಯ ಬಳಿ ಬರುವ ತಂತಿಗಳನ್ನು ಟೆಸ್ಟರಿನಿಂದ ನೋಡಬೇಕು. ಹಳೆಯ ಮನೆಗಳಲ್ಲಿ ಸ್ವಿಚ್ಚನ್ನು ನ್ಯೂಟ್ರಲ್ ತಂತಿಯಲ್ಲಿ ಹಾಕಿರುವುದುಂಟು. ಹಾಗಿದ್ದರೆ ಸ್ವಿಚ್ ಆರಿದ್ದರೂ ಮೇಲೆ ಟೆಸ್ಟರ್ ಬೆಳಗುತ್ತದೆ, ಅದನ್ನು ಸರಿಪಡಿಸದೆ ಏಣಿ ಹತ್ತಬಾರದು. ಫ್ಯಾನು ತೂಗುಹಾಕುವಾಗ ಎಂಸಿಬಿ ಮತ್ತೆ ಇಳಿದಿರಬೇಕು. ಬಿಎಲ್‌ಡಿಸಿಗೆ ಫೇಸ್, ನ್ಯೂಟ್ರಲ್ ಮತ್ತು ಹಸಿರು ಅರ್ಥಿಂಗ್ ತಂತಿ, ಇಷ್ಟೇ. ಹಳೆಯ ಕೆಪಾಸಿಟರಿಗೆ ಇಲ್ಲಿ ಕೆಲಸವಿಲ್ಲ. ನಮ್ಮ ಹಾಲಿನ ಕೊಕ್ಕೆಗೆ ಅರ್ಥಿಂಗ್ ತಂತಿಯೇ ಬಂದಿರಲಿಲ್ಲ, ಪೈಪಿನೊಳಗೆ ಹೊಸದಾಗಿ ಎಳೆದೆವು. ಈ ಎಳೆಯುವ ಕೆಲಸಕ್ಕೇ ಉಳಿದೆಲ್ಲದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಹಣ ಎಲ್ಲಿ ಮರಳುತ್ತದೆ

ಮನೆಯ ಲೆಕ್ಕ ಮೊದಲು. ಹಾಲಿನ ಫ್ಯಾನು ವರ್ಷದಲ್ಲಿ ಸುಮಾರು 150 ದಿನ, ದಿನಕ್ಕೆ ಆರು ಗಂಟೆ, ಮೂರರಲ್ಲಿ ಓಡುತ್ತದೆ. ಒಟ್ಟು 900 ಗಂಟೆ. ಒಳ್ಳೆಯ ರೆಗ್ಯುಲೇಟರ್ ಇದ್ದರೆ ಉಳಿತಾಯ 30 ವ್ಯಾಟ್, ವರ್ಷಕ್ಕೆ 27 ಯೂನಿಟ್. ತೆರಿಗೆ ಮತ್ತಿತರ ಸೇರ್ಪಡೆಗಳ ಜೊತೆಗೆ ಯೂನಿಟ್ಟಿಗೆ ಆರೂವರೆ ರೂಪಾಯಿ ಹಿಡಿದರೆ 175 ರೂಪಾಯಿ. 2,900 ರೂಪಾಯಿ ಮರಳಲು ಹದಿನಾರು ವರ್ಷ ದಾಟುತ್ತದೆ. ಬಿಲ್ಲಿನ ನಿಗದಿತ ಶುಲ್ಕ ಮಂಜೂರಾದ ಕಿಲೊವ್ಯಾಟ್ ಮೇಲೆ ನಿಂತಿದೆ, ಫ್ಯಾನು ಬದಲಿಸಿದರೆ ಅದು ಇಳಿಯುವುದಿಲ್ಲ. ಆದ್ದರಿಂದ ಅದನ್ನು ಈ ಲೆಕ್ಕಕ್ಕೆ ಸೇರಿಸಬಾರದು.

ಅದಕ್ಕೂ ಮುಖ್ಯವಾದ ಮಾತು ಗೃಹಜ್ಯೋತಿಯದು. ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ನಮ್ಮ ಮನೆಗೆ ನಿಗದಿಯಾದ ಯೂನಿಟ್ಟಿನೊಳಗೇ ನಾವು ಇರುತ್ತೇವೆ, ಬಿಲ್ಲು ಸೊನ್ನೆ ಬರುತ್ತದೆ. ಹಾಗಿರುವವರೆಗೆ ಉಳಿಸಿದ 27 ಯೂನಿಟ್‌ಗಳಿಂದ ನಮ್ಮ ಜೇಬಿಗೆ ಬರುವುದೇನೂ ಇಲ್ಲ. ಬೇಸಿಗೆಯಲ್ಲಿ ನಿಗದಿ ಮೀರುವ ಮನೆಗೆ ಮೀರಿದ ಯೂನಿಟ್ಟುಗಳ ಹಣ ಉಳಿಯುತ್ತದೆ. 200 ಯೂನಿಟ್ಟಿನ ಅಂಚಿನಲ್ಲಿರುವ ಮನೆಯ ಕಥೆಯೇ ಬೇರೆ. 200 ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕಾದ್ದರಿಂದ, ಎರಡು ಮೂರು ಫ್ಯಾನು ಬದಲಿಸಿ ಆ ಗೆರೆಯೊಳಗೆ ಉಳಿದರೆ ಒಂದೇ ತಿಂಗಳಲ್ಲಿ ಸಾವಿರಕ್ಕೂ ಹೆಚ್ಚು ಉಳಿಯಬಹುದು. ಫ್ಯಾನು ಕೊಳ್ಳುವ ಮೊದಲು ಹಿಂದಿನ ಬೇಸಿಗೆಯ ಬಿಲ್ಲುಗಳನ್ನು ತೆಗೆದು ನೋಡಬೇಕಾದದ್ದು ಇದಕ್ಕಾಗಿ.

ಅಂಗಡಿಗೆ ಗೃಹಜ್ಯೋತಿ ಇಲ್ಲ, ಅಲ್ಲಿನದು ವಾಣಿಜ್ಯ ದರ. ತಮ್ಮನ ಬಿಲ್ಲಿನಲ್ಲಿ ತೆರಿಗೆ ಸೇರಿ ಯೂನಿಟ್ಟಿಗೆ ಸುಮಾರು ಎಂಟು ರೂಪಾಯಿ ಬೀಳುತ್ತದೆ. ಇಸ್ತ್ರಿಪೆಟ್ಟಿಗೆಯ ಕಾವಿನಿಂದಾಗಿ ಮಳೆಗಾಲದಲ್ಲೂ ಅಲ್ಲಿ ಫ್ಯಾನು ಐದರಲ್ಲೇ, ದಿನಕ್ಕೆ ಹತ್ತು ಗಂಟೆ, ವರ್ಷಕ್ಕೆ ಸುಮಾರು 300 ದಿನ ಓಡುತ್ತದೆ. 45 ವ್ಯಾಟ್ ಉಳಿತಾಯ, 3,000 ಗಂಟೆ, 135 ಯೂನಿಟ್, 1,080 ರೂಪಾಯಿ. ಎರಡು ವರ್ಷ ಎಂಟು ತಿಂಗಳಲ್ಲಿ ಹಣ ಮರಳುತ್ತದೆ. ಅದೇ ಊರು, ಅದೇ ಫ್ಯಾನು.

ಹಳೆಯದು ಕೆಟ್ಟು, ಹೇಗಿದ್ದರೂ ಹೊಸದು ಕೊಳ್ಳಲೇಬೇಕು ಎನ್ನುವವರಿಗೆ ಇನ್ನೊಂದು ಎಚ್ಚರಿಕೆ ಬೇಕು. ಜಾಹೀರಾತುಗಳು ಬಿಎಲ್‌ಡಿಸಿಯನ್ನು 75 ವ್ಯಾಟಿನ ಫ್ಯಾನಿನ ಜೊತೆ ಹೋಲಿಸುತ್ತವೆ. ಆದರೆ 2023ರ ಜನವರಿ 1ರಿಂದ ಸೀಲಿಂಗ್ ಫ್ಯಾನುಗಳಿಗೆ ಇಂಧನ ದಕ್ಷತಾ ಬ್ಯೂರೊದ ನಕ್ಷತ್ರ ಚೀಟಿ ಕಡ್ಡಾಯವಾಗಿದೆ. ಆಗ ಜಾರಿಗೆ ಬಂದ ಪಟ್ಟಿಯಂತೆ 1200 ಮಿ.ಮೀ. ಫ್ಯಾನು ಒಂದೇ ನಕ್ಷತ್ರ ಪಡೆಯಬೇಕಾದರೂ ಪ್ರತಿ ವ್ಯಾಟಿಗೆ ನಿಮಿಷಕ್ಕೆ ನಾಲ್ಕು ಘನ ಮೀಟರ್ ಗಾಳಿ ಕೊಡಬೇಕು. 210 ಘನ ಮೀಟರ್ ಗಾಳಿ ಕೊಡುವ ಫ್ಯಾನು 52 ವ್ಯಾಟಿನ ಆಸುಪಾಸಿನಲ್ಲಿ ಇರಲೇಬೇಕು. ಐದು ನಕ್ಷತ್ರಕ್ಕೆ ಬೇಕಾದದ್ದು ಆರು. ನಮ್ಮ ಹೊಸ ಫ್ಯಾನಿನ ಚೀಟಿಯಲ್ಲಿ 220 ಘನ ಮೀಟರ್ ಎಂದಿದೆ, 30 ವ್ಯಾಟಿಗೆ ಭಾಗಿಸಿದರೆ ಏಳು ದಾಟುತ್ತದೆ. ಹಾಗಾಗಿ ಹೊಸದಕ್ಕೆ ಹೊಸದನ್ನು ಹೋಲಿಸುವಾಗ ಅಂತರ 45 ಅಲ್ಲ, 22 ವ್ಯಾಟ್. ಅಂಗಡಿಯ ಲೆಕ್ಕದಲ್ಲಿ ವರ್ಷಕ್ಕೆ 66 ಯೂನಿಟ್, 528 ರೂಪಾಯಿ. ಒಂದು ನಕ್ಷತ್ರದ ಸಾಮಾನ್ಯ ಫ್ಯಾನು ನಮ್ಮಲ್ಲಿ 1,700ಕ್ಕೆ ಸಿಗುತ್ತಿತ್ತು. ಹೆಚ್ಚುವರಿ 1,200 ರೂಪಾಯಿ ಎರಡೂಕಾಲು ವರ್ಷದಲ್ಲಿ ಮರಳುತ್ತದೆ. ಅಂಗಡಿಯ ಮಟ್ಟಿಗೆ ಹೇಗೆ ಲೆಕ್ಕ ಹಾಕಿದರೂ ಬಿಎಲ್‌ಡಿಸಿಯೇ ಸರಿ.

ಹೀಗೆ ಫ್ಯಾನು ಅಂಗಡಿಗೆ ಹೋಯಿತು. ಅಮ್ಮನಿಗೆ ಹಾಲಿನ ಹಳೆಯ ಫ್ಯಾನು ಹೊಸ ಕೆಪಾಸಿಟರ್ ಮತ್ತು 250 ರೂಪಾಯಿಯ ಹೊಸ ರೆಗ್ಯುಲೇಟರಿನೊಂದಿಗೆ ಮರಳಿತು. ರಿಮೋಟಿನ ಆಸೆ ಅವರಿಗೆ ಇನ್ನೂ ಇದೆ. ಮೊಣಕಾಲು ನೋವಿರುವವರಿಗೆ ಆ ಅನುಕೂಲದ ಬೆಲೆಯನ್ನು ಯೂನಿಟ್ಟಿನಲ್ಲಿ ಅಳೆಯಲಾಗದು. ಈ ಫ್ಯಾನು ಕೆಟ್ಟ ದಿನ ಅಲ್ಲಿಗೂ ಬಿಎಲ್‌ಡಿಸಿಯನ್ನೇ ತರುತ್ತೇನೆ.

ಅಂಗಡಿಯಲ್ಲಿ ಒಂದು ಹೊಸ ಪದ್ಧತಿ ಮಾಡಿಕೊಂಡಿದ್ದೇವೆ. ಹಳೆಯ ಫ್ಯಾನಿನಲ್ಲಿ ಕೆಡುತ್ತಿದ್ದದ್ದು ಕೆಪಾಸಿಟರ್ ಅಥವಾ ಬೇರಿಂಗ್, ಯಾವ ಮೆಕ್ಯಾನಿಕ್ಕಾದರೂ ಸರಿಮಾಡುತ್ತಿದ್ದರು. ಇದರಲ್ಲಿ ಬೋರ್ಡು ಹೋದರೆ ಅದೇ ಕಂಪನಿಯ ಬೋರ್ಡೇ ಬೇಕು. ಖಾತರಿ ಮುಗಿದ ಮೇಲೆ ಅದಕ್ಕೆ 800 ರೂಪಾಯಿ ಕೊಡಬೇಕಾಗಿ ಬಂದರೆ ಹಣ ಮರಳುವುದು ಒಂಬತ್ತು ತಿಂಗಳು ಮುಂದೆ ಹೋಗುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಲೈನಿನ ಮೇಲೆ ಬರುವ ವೋಲ್ಟೇಜಿನ ಏರಿಳಿತವೇ ಬೋರ್ಡಿಗೆ ದೊಡ್ಡ ಶತ್ರು. ರಿಮೋಟಿನಲ್ಲಿ ಆರಿಸಿದರೆ ಬೋರ್ಡು ಲೈನಿಗೆ ಅಂಟಿಕೊಂಡೇ ಇರುತ್ತದೆ. ಆದ್ದರಿಂದ ತಮ್ಮ ಈಗ ಅಂಗಡಿ ಮುಚ್ಚುವಾಗ ಫ್ಯಾನನ್ನು ಗೋಡೆಯ ಸ್ವಿಚ್ಚಿನಲ್ಲಿ ಆರಿಸಿ, ಜೊತೆಗೆ ಎಂಸಿಬಿಯನ್ನೂ ಇಳಿಸಿ ಹೊರಡುತ್ತಾನೆ.